ಮಾತ್ರೆ ಅದೇ, ಟಿಎಸ್‌ಎಚ್ ಏಕೆ ಏರಿತು?

ಥೈರಾಯ್ಡ್ ಮಾತ್ರೆ ನುಂಗುವವರ ರಕ್ತದಲ್ಲಿ ಟಿಎಸ್‌ಎಚ್, ಅಂದರೆ ದೇಹಕ್ಕೆ ಥೈರಾಯ್ಡ್ ಹಾರ್ಮೋನು ಸಾಲದಾದಾಗ ಹೆಚ್ಚುವ ಸಂಕೇತ-ಹಾರ್ಮೋನು, ಏರಿದ ಕೂಡಲೇ "ನೀವು ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ" ಎಂದು ಗದರುವ ವೈದ್ಯರ ಮೇಲೆ ನನಗೆ ಕೋಪವಿದೆ. ವೈದ್ಯನಾಗಿ ನಾನೂ ಹಾಗೆ ಗದರಿದ್ದೇನೆ ಎಂಬ ನೋವೂ ಇದೆ.

ಹಾಗೆ ಗದರಿಸಿಕೊಂಡ ಒಬ್ಬ ಮಹಿಳೆಯ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆಯಲಾಗಿತ್ತು. ವರ್ಷಗಳಿಂದ ದಿನಕ್ಕೆ 100 ಮೈಕ್ರೋಗ್ರಾಂ ಲಿವೋಥೈರಾಕ್ಸಿನ್, ಅಂದರೆ ಗ್ರಂಥಿ ತಯಾರಿಸುವ ಥೈರಾಕ್ಸಿನ್ ಹಾರ್ಮೋನಿನ ಮಾತ್ರೆ. ಟಿಎಸ್‌ಎಚ್ 2ರ ಆಸುಪಾಸು. ಈ ಸಲ 18 ಬಂದಿತ್ತು. ನಾನು ಗದರಿದಾಗ ಅವರು ಚೀಲದಿಂದ ಖಾಲಿ ಮಾತ್ರೆಪಟ್ಟಿಗಳನ್ನು ತೆಗೆದು ಮೇಜಿನ ಮೇಲೆ ಒಂದೊಂದಾಗಿ ಜೋಡಿಸಿದರು. "ಒಂದು ದಿನವೂ ತಪ್ಪಿಸಿಲ್ಲ ಡಾಕ್ಟರೇ. ಮೂತ್ರ ಮಾತ್ರ ಕಿತ್ತಳೆ ಬಣ್ಣಕ್ಕೆ ಹೋಗುತ್ತಿದೆ" ಎಂದರು. ಆ ಬಣ್ಣವೇ ಉತ್ತರ ಹೇಳಿತು. ಎರಡು ತಿಂಗಳಿಂದ ಅವರು ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರು.

ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸುತ್ತದೆ. ಥೈರಾಕ್ಸಿನ್ ಬೇಗ ರೂಪಾಂತರಗೊಂಡು ಪಿತ್ತರಸದೊಂದಿಗೆ ಹೊರಹೋಗುತ್ತದೆ. ಗ್ರಂಥಿ ಚೆನ್ನಾಗಿದ್ದವರಲ್ಲಿ ಅದು ಹೆಚ್ಚು ದುಡಿದು ನಷ್ಟ ತುಂಬಿಕೊಳ್ಳುತ್ತದೆ. ಇವರಿಗೆ ಆ ದಾರಿಯೇ ಇರಲಿಲ್ಲ. ಪ್ರಮಾಣವನ್ನು 125ಕ್ಕೆ ಏರಿಸಿದೆವು. ಥೈರಾಕ್ಸಿನ್‌ನ ಅರ್ಧಾಯುಷ್ಯ ಸುಮಾರು ಒಂದು ವಾರ, ಹಾಗಾಗಿ ಹೊಸ ಮಟ್ಟ ನೆಲೆಗೊಳ್ಳಲು ಆರು ವಾರ ಕಾಯಲೇಬೇಕು. ಆಗ ಟಿಎಸ್‌ಎಚ್ 7 ಇತ್ತು. 150ಕ್ಕೆ ಏರಿಸಿದ ಮೇಲೆ 3ಕ್ಕೆ ಇಳಿಯಿತು.

ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುವುದೇ ದೊಡ್ಡ ತಪ್ಪು. ರಿಫಾಂಪಿಸಿನ್ ನಿಂತ ಕೆಲವು ವಾರಗಳಲ್ಲಿ ಕಿಣ್ವಗಳು ಹಳೆಯ ಮಟ್ಟಕ್ಕೆ ಇಳಿಯುತ್ತವೆ. 150 ಹಾಗೆಯೇ ಮುಂದುವರಿದರೆ ಎದೆಬಡಿತ, ಕೈನಡುಕ, ನಿದ್ರೆಗೇಡು ಶುರುವಾಗುತ್ತವೆ; ವಯಸ್ಸಾದವರಲ್ಲಿ ಹೃದಯದ ಲಯವೇ ತಪ್ಪಬಹುದು. ಕ್ಷಯದ ಚಿಕಿತ್ಸೆ ಮುಗಿಯುವ ದಿನಾಂಕವನ್ನು ಅವರ ಚೀಟಿಯ ಮೇಲೆ ದೊಡ್ಡದಾಗಿ ಬರೆದಿಟ್ಟೆ. ಅದಾದ ಎರಡು ವಾರಕ್ಕೆ 100ಕ್ಕೆ ಮರಳಿಸಿ, ಆರು ವಾರದ ನಂತರ ನೋಡಿದಾಗ ಟಿಎಸ್‌ಎಚ್ 2.4.

ಇದೇ ಮಹಿಳೆ ಮನೋರೋಗಕ್ಕೆ ಕೊಡುವ ಲಿಥಿಯಂ ತೆಗೆದುಕೊಂಡಿದ್ದರೆ ಪ್ರಮಾಣ ಬದಲಿಸುವ ಅಗತ್ಯ ಬೀಳುತ್ತಿರಲಿಲ್ಲ. ಲಿಥಿಯಂ ತಡೆಯುವುದು ಗ್ರಂಥಿಯಿಂದ ಹಾರ್ಮೋನು ಹೊರಬರುವುದನ್ನು. ಗ್ರಂಥಿಯೇ ಇಲ್ಲದ ಮೇಲೆ ತಡೆಯಲು ಏನಿದೆ? ಗ್ರಂಥಿ ಅರೆಬರೆ ಕೆಲಸ ಮಾಡುವವರಲ್ಲಿ ಅದು ನಿಜವಾದ ತೊಂದರೆ.

ಮೂರ್ಛೆ ರೋಗಕ್ಕೆ ಕೊಡುವ ಫೆನಿಟಾಯಿನ್ ಕೂಡ ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸುತ್ತದೆ. ಜೊತೆಗೆ ರಕ್ತದ ಪ್ರೋಟೀನಿಗೆ ಅಂಟಿದ ಥೈರಾಕ್ಸಿನನ್ನು ಸಡಿಲಿಸುತ್ತದೆ. ಹಾಗಾಗಿ ರಕ್ತದ ಒಟ್ಟು ಟಿ4, ಅಂದರೆ ಒಟ್ಟು ಥೈರಾಕ್ಸಿನ್, ಕಡಿಮೆ ಬಂದಿತೆಂದು ಬೆದರಿ ಥೈರಾಯ್ಡ್ ಮಾತ್ರೆ ಏರಿಸಬಾರದು, ಟಿಎಸ್‌ಎಚ್ ನೋಡಬೇಕು.

ಈಸ್ಟ್ರೋಜೆನ್ ಮಾತ್ರೆಯದು ಇದಕ್ಕೆ ತಿರುಗುಮುರುಗು. ಅದು ಥೈರಾಕ್ಸಿನನ್ನು ಹಿಡಿದಿಡುವ ಪ್ರೋಟೀನನ್ನೇ ಹೆಚ್ಚಿಸುತ್ತದೆ. ಬಿಡಿಯಾಗಿ ಉಳಿಯುವ ಹಾರ್ಮೋನು ಕುಗ್ಗುತ್ತದೆ. ಚರ್ಮಕ್ಕೆ ಅಂಟಿಸುವ ಈಸ್ಟ್ರೋಜೆನ್ ನೇರವಾಗಿ ಯಕೃತ್ತಿಗೆ ಹೋಗದ ಕಾರಣ ಈ ಪರಿಣಾಮ ಅಷ್ಟಾಗಿ ಇರುವುದಿಲ್ಲ. ಆದ್ದರಿಂದ ಈಸ್ಟ್ರೋಜೆನ್ ಮಾತ್ರೆ ಬಿಟ್ಟು ಅಂಟುಪಟ್ಟಿಗೆ ಬದಲಾದವರಿಗೂ ಆರೇಳು ವಾರಕ್ಕೆ ಒಂದು ಟಿಎಸ್‌ಎಚ್ ಬರೆಯುತ್ತೇನೆ.