ಫೈನಲ್ ಇಯರ್ ಪ್ರಾಜೆಕ್ಟ್: ವೈವಾದಿಂದ ಹಿಂದಕ್ಕೆ ಎಣಿಸಿ

ಫೈನಲ್ ಇಯರ್‌ನವರ ಗ್ಯಾಂಟ್ ಚಾರ್ಟ್ ನೋಡಿ. ಲಿಟರೇಚರ್ ಸರ್ವೆಗೆ ಎರಡು ತಿಂಗಳು, ಡಿಸೈನಿಗೆ ಎರಡು, ಇಂಪ್ಲಿಮೆಂಟೇಶನ್‌ಗೆ ಮೂರು, ಟೆಸ್ಟಿಂಗಿಗೆ ಉಳಿದದ್ದು. ಆ ಉಳಿದದ್ದು ಉಳಿಯುವುದೇ ಇಲ್ಲ. ಲೆಕ್ಕ ವೈವಾದಿಂದ ಹಿಂದಕ್ಕೆ ಬರಬೇಕು.

ಮಣ್ಣಿನ ತೇವ ನೋಡಿ ಡ್ರಿಪ್ ವಾಲ್ವ್ ತೆರೆಯುವ ಕಂಟ್ರೋಲರನ್ನೇ ತಗೊಳ್ಳಿ. ನಾಲ್ಕು ಜನರ ತಂಡ, ಆಗಸ್ಟಿನಲ್ಲಿ ಶುರು, ಮೇ ಮಧ್ಯದಲ್ಲಿ ವೈವಾ. ತಿದ್ದುಪಡಿಗೆ ಸಮಯ ಸಿಗಬೇಕಾದರೆ ರಿಪೋರ್ಟಿನ ಕರಡು ಏಪ್ರಿಲ್ 10ಕ್ಕೆ ಗೈಡ್ ಕೈಯಲ್ಲಿರಬೇಕು. ಅದರಲ್ಲಿ ಆರು ವಾರದ ಹೊಲದ ರೀಡಿಂಗ್ ಬೇಕೆಂದರೆ ಸಾಧನ ಫೆಬ್ರವರಿ ಮಧ್ಯಕ್ಕೆ ಹೊಲಕ್ಕಿಳಿಯಬೇಕು. ಮೊದಲ ಪಿಸಿಬಿಯಲ್ಲಿ ಏನಾದರೊಂದು ತಪ್ಪು ಇದ್ದೇ ಇರುತ್ತದೆ. ಹಾಗಾಗಿ ಎರಡನೇ ಬೋರ್ಡ್ ಜನವರಿ ಕೊನೆಗೆ ಓಡಬೇಕು. ಬೋರ್ಡ್ ಮಾಡಿಸಿ, ತರಿಸಿ, ಬೆಸುಗೆ ಹಾಕಿ, ದೋಷ ಹುಡುಕಲು ಮೂರು-ನಾಲ್ಕು ವಾರ ಇಟ್ಟುಕೊಳ್ಳಿ. ನಡುವೆ ಸೆಮಿಸ್ಟರ್ ಪರೀಕ್ಷೆ ಒಂದು ತಿಂಗಳನ್ನು ಪೂರ್ತಿ ನುಂಗುತ್ತದೆ. ಅಂದರೆ ಮೊದಲ ಬೋರ್ಡಿನ ಆರ್ಡರ್ ನವೆಂಬರ್ ಮೊದಲ ವಾರವೇ ಹೋಗಬೇಕು, ಅಕ್ಟೋಬರ್ ಕೊನೆಗೆ ಬ್ರೆಡ್‌ಬೋರ್ಡ್ ಮೇಲೆ ಸೆನ್ಸರ್ ಓದಿ ವಾಲ್ವ್ ತೆರೆಯಬೇಕು. ಸರ್ವೆಗೆ ಎರಡು ತಿಂಗಳು ಎಲ್ಲಿಂದ ತರುತ್ತೀರಿ?

ಮೈಲಿಗಲ್ಲು ಕಣ್ಣಿಗೆ ಕಾಣುವಂತಿರಲಿ. ‘ಹಾರ್ಡ್‌ವೇರ್ ಶೇ. 60 ಮುಗಿದಿದೆ’ ಅನ್ನುವುದಕ್ಕೆ ಅರ್ಥವೇ ಇಲ್ಲ. ‘ಬ್ಯಾಟರಿ ಮೇಲೆ 48 ಗಂಟೆ ನಿಲ್ಲದೆ ರೀಡಿಂಗ್ ಕಳಿಸಿತು’ ಅಂದರೆ ಆಯಿತೋ ಇಲ್ಲವೋ ಯಾರಾದರೂ ಹೇಳಬಹುದು. ಚಾರ್ಟಿನಲ್ಲಿ ಎಲ್ಲರೂ ಮರೆಯುವುದು ಸೆನ್ಸರ್ ಕ್ಯಾಲಿಬ್ರೇಶನ್. ಕೆಂಪು ಮಣ್ಣಿಗೆ ಹೊಂದಿಸಿದ ಲೆಕ್ಕ ಕಪ್ಪು ಮಣ್ಣಿಗೆ ಕೂಡಿಬರುವುದಿಲ್ಲ. ಅದೇ ಹೊಲದ ಮಣ್ಣನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ, ತೂಕದ ಲೆಕ್ಕದಲ್ಲಿ ನೀರು ಬೆರೆಸುತ್ತಾ ರೀಡಿಂಗ್ ಬರೆದುಕೊಳ್ಳಬೇಕು. ಅದಕ್ಕೆ ಬೇಕಾದ ಓವನ್ ಸಿವಿಲ್ ವಿಭಾಗದಲ್ಲಿರುತ್ತದೆ, ಅನುಮತಿ ಪತ್ರ ಮೊದಲೇ ಕೊಡಿ.

ಗೈಡ್ ಭೇಟಿ ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ, ಇಪ್ಪತ್ತು ನಿಮಿಷ ಸಾಕು. ‘ಕೆಲಸ ನಡೀತಾ ಇದೆ ಸರ್’ ಎಂದು ಹೇಳಿ ಬರಲು ಹೋಗಬೇಡಿ. ಅರ್ಧ ಪುಟದಲ್ಲಿ ಮೂರು ವಿಷಯ ಇರಲಿ: ಕಳೆದ ವಾರ ಒಪ್ಪಿಕೊಂಡಿದ್ದರಲ್ಲಿ ಏನಾಯಿತು, ಎಲ್ಲಿ ಸಿಕ್ಕಿಕೊಂಡಿದ್ದೀರಿ, ಅವರಿಂದ ಯಾವ ತೀರ್ಮಾನ ಬೇಕು. ‘ಡೀಬಗ್ಗಿಂಗ್’ ಎಂದು ಬರೆದರೆ ಅವರೇನು ಹೇಳಿಯಾರು? ‘ವಾಲ್ವ್ ಆಫ್ ಆದಾಗಲೆಲ್ಲ ಬೋರ್ಡ್ ರೀಸೆಟ್ ಆಗುತ್ತಿದೆ, ಅಡಾಪ್ಟರ್ ಬದಲಿಸಿದರೂ ಹಾಗೇ’ ಎಂದು ಬರೆದಿದ್ದರೆ, ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ ಹಾಕಿದ್ದೀರಾ ಎಂಬುದೇ ಅವರ ಮೊದಲ ಪ್ರಶ್ನೆ. ಅಂದು ಒಪ್ಪಿಕೊಂಡದ್ದನ್ನು ಸಂಜೆಯೇ ಮೇಲ್ ಮಾಡಿ. ಒಂದೇ ಸಾಲು ಸತತ ಮೂರು ಮೇಲ್‌ಗಳಲ್ಲಿ ಬಂತೆಂದರೆ ಆ ಕೆಲಸ ನಿಂತಿದೆ ಎಂದೇ ಲೆಕ್ಕ.

ಇನ್ನೊಂದು ಮಾತು. ಏನನ್ನು ಕೈಬಿಡುತ್ತೀರಿ ಎಂಬುದನ್ನು ಸೆಪ್ಟೆಂಬರಿನಲ್ಲೇ ಗೈಡ್ ಜೊತೆ ಬರೆದಿಡಿ. ಹೊಲದಿಂದ ರೀಡಿಂಗ್ ಕಳಿಸುವ ಲೋರಾ ರೇಡಿಯೋ ಕೊಂಡಿ ಜನವರಿ 31ಕ್ಕೆ ಕೆಲಸ ಮಾಡದಿದ್ದರೆ ಅದನ್ನು ಬಿಟ್ಟು ರೀಡಿಂಗನ್ನು ಎಸ್‌ಡಿ ಕಾರ್ಡಿಗೆ ಬರೆಸಿ, ಸಾಧನವನ್ನು ಹೊಲಕ್ಕೆ ಒಯ್ಯಿರಿ.