ಕಿತ್ತುಹೋದ ಪಟ್ಟಿಯಿಂದ ಶುರು ಮಾಡಿ

“ಬ್ಯಾಗ್ ಹೊಲಿಯುವ ಸಣ್ಣ ಘಟಕ ನಮ್ಮದು. ‘ಗುಣಮಟ್ಟವೇ ನಮ್ಮ ಉಸಿರು’ ಅಂತ ಗಿರಾಕಿಗಳಿಗೆ ನಮ್ಮ ಘಟಕದ ಕಥೆ ಬರೆದೆವು. ಯಾರೂ ಪೂರ್ತಿ ಓದುತ್ತಿಲ್ಲ. ಏನು ಸೇರಿಸಬೇಕು?”

ಮೊದಲು ಆ ಸಾಲು ತೆಗೆದುಬಿಡಿ. ಯಾವ ಬ್ಯಾಗ್ ಹರಿದದ್ದಕ್ಕೆ ಈ ಕೆಲಸಕ್ಕೆ ಇಳಿದಿರಿ, ಅದನ್ನು ಬರೆಯಿರಿ.

ನಾನೂ ಇದೇ ಕೆಲಸದವನು. ಮಗಳ ಶಾಲೆ ಬ್ಯಾಗಿನ ಹೆಗಲ ಪಟ್ಟಿ ಮೂರೇ ತಿಂಗಳಿಗೆ ಕಿತ್ತು ಬಂದಿತ್ತು. ನೋಡಿದರೆ ದಾರ ತುಂಡಾಗಿರಲಿಲ್ಲ, ಬಟ್ಟೆಯೇ ಹರಿದಿತ್ತು. ಹೊಲಿಗೆ ತುಂಬಾ ಒತ್ತಾಗಿತ್ತು. ಸೂಜಿಯ ತೂತುಗಳು ಹತ್ತಿರ ಹತ್ತಿರ ಬಿದ್ದು, ಅಂಚೆಚೀಟಿ ಹರಿದ ಹಾಗೆ ಗೆರೆ ಹಿಡಿದು ಬಿಟ್ಟುಕೊಂಡಿತ್ತು. ಒತ್ತಾದಷ್ಟೂ ಗಟ್ಟಿ ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ, ಅಲ್ವಾ? ನಾನು ಒಂದೊಂದು ಹೊಲಿಗೆಯ ಉದ್ದವನ್ನು 3 ಮಿಲಿಮೀಟರ್‌ಗೆ ಏರಿಸಿದೆ. ಒಳಗೆ ಇನ್ನೊಂದು ತುಂಡು ಬಟ್ಟೆ ಕೊಟ್ಟೆ. ಪಟ್ಟಿಯ ಬುಡದಲ್ಲಿ ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹಾಕಿದೆ. ಆಗ ಭಾರ ಒಂದೇ ಗೆರೆಯ ಮೇಲೆ ಬೀಳುವುದಿಲ್ಲ. ನಮ್ಮ ಕಥೆಯಲ್ಲಿ ಇರುವುದು ಇಷ್ಟೇ, ಜೊತೆಗೆ ಆ ಹರಿದ ಬ್ಯಾಗಿನ ಫೋಟೋ.

‘ನಮ್ಮ ಮೌಲ್ಯಗಳು’ ಅಂತ ಬರೆಯುವ ಜಾಗದಲ್ಲಿ, ನೀವು ಬೇಡ ಅಂದ ಒಂದು ಕೆಲಸ ಹೇಳಿ. ಒಬ್ಬ ಗಿರಾಕಿ ಆ ಒಳಗಿನ ತುಂಡು ಬಿಟ್ಟು 500 ಬ್ಯಾಗ್ ಕೇಳಿದ್ದರು. ಆಗ ನಮಗೆ ಕೆಲಸ ಕಡಿಮೆ ಇತ್ತು, ಆದರೂ ಒಪ್ಪಲಿಲ್ಲ. ಅದನ್ನು ಹಾಗೇ ಬರೆದಿದ್ದೇವೆ. ಜಿಪ್ ಹೊರಗಿನಿಂದ ತರುತ್ತೇವೆ, ಕೆಟ್ಟರೆ ಬದಲಿಸಿ ಕೊಡುತ್ತೇವೆ ಅನ್ನೋದೂ ಅಲ್ಲೇ ಇದೆ.

‘ಜೀವನಪೂರ್ತಿ ಬಾಳಿಕೆ’ ಅಂತ ಮಾತ್ರ ಸುಮ್ನೆ ಬರೆಯಬೇಡಿ. ನೀರು ತಡೆಯುವ ಒಳಲೇಪ ಕೆಲವು ವರ್ಷಕ್ಕೆ ಸಿಪ್ಪೆ ಏಳಬಹುದು, ಹೊಲಿಗೆ ಎಷ್ಟೇ ಚೆನ್ನಾಗಿದ್ದರೂ.