ಅದು ಮೂರೋ ಎಂಟೋ, ಶೆಟ್ರೇ?

ನಮ್ಮ ಜಿಎಸ್‌ಟಿ ತೆರಿಗೆ ಈಗ ಪೂರ್ತಿ ಡಿಜಿಟಲ್. ಮಾರಿದವನು ಬಿಲ್ಲಿನ ವಿವರವನ್ನು ಪೋರ್ಟಲ್‌ಗೆ ಹಾಕುತ್ತಾನೆ. ಮುಂದಿನ ತಿಂಗಳು 14ನೇ ತಾರೀಖು ಅದು ಕೊಂಡವನ 2ಬಿ ಪಟ್ಟಿಯಲ್ಲಿ ತಾನಾಗಿ ಬಂದು ಕೂರುತ್ತದೆ. ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಅವನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾನೆ, ಅದಕ್ಕೆ ಕ್ರೆಡಿಟ್ ಅಂತ ಹೆಸರು. ಮನುಷ್ಯರ ಕೈ ತಾಗುವುದೇ ಬೇಡ. ಇಷ್ಟೆಲ್ಲ ಆದ ಮೇಲೆ ಡೊಂಬಿವಲಿಯ ಒಂದು ಫ್ಲ್ಯಾಟಿನಲ್ಲಿ ಒಬ್ಬ ಅಕೌಂಟೆಂಟ್ ಮೇಡಂ ಲ್ಯಾಪ್‌ಟಾಪಿಗೆ ಮೂಗು ತಾಗಿಸಿ ಕೂತು, ಇದು ಮೂರಾ ಎಂಟಾ ಅಂತ ನೋಡುತ್ತಾರೆ. ಅವರು ನೋಡಿ ಹೇಳುವ ತನಕ ದೇಶದ ಡಿಜಿಟಲ್ ವ್ಯವಸ್ಥೆ ಹೊರಗೆ ಬಾಗಿಲಲ್ಲಿ ನಿಂತಿರುತ್ತದೆ.

ಸಾಕಿನಾಕಾದಲ್ಲಿ ನಮ್ಮ ಪರಿಚಯದ ಶೆಟ್ರೊಬ್ಬರ ವರ್ಕ್‌ಶಾಪ್ ಇದೆ. ಮುಂಬೈಯ ಉಡುಪಿ ಹೋಟೆಲುಗಳಿಗೆ ಸ್ಟೀಲ್ ಟೇಬಲ್, ಸಿಂಕ್, ಇಡ್ಲಿ ಪೆಟ್ಟಿಗೆ ಮಾಡಿಕೊಡುತ್ತಾರೆ. ಒಂದು ಮಿಲಿಮೀಟರ್ ಓರೆಯಾದ ಬೆಸುಗೆಯನ್ನೂ ಮೂರು ಮಾರು ದೂರದಿಂದ ಹಿಡಿಯುವ ಕಣ್ಣು ಅವರದು. ಬಿಲ್ಲಿನ ಫೋಟೋ ತೆಗೆಯುವಾಗ ಮಾತ್ರ ಆ ಕಣ್ಣು ರಜೆ ಹಾಕುತ್ತದೆ. ಬಿಲ್ ಮಡಿಲಲ್ಲಿ, ಫೋನ್ ಒಂದು ಕೈಯಲ್ಲಿ, ಶೆಟ್ರು ರಿಕ್ಷಾದಲ್ಲಿ, ರಿಕ್ಷಾ ಅಂಧೇರಿ-ಕುರ್ಲಾ ರಸ್ತೆಯ ಗುಂಡಿಯಲ್ಲಿ. ಹಾಗೆ ತೆಗೆದದ್ದನ್ನು ವಾಟ್ಸಾಪಿಗೆ ಹಾಕಿದರೆ ಅದು ತನ್ನ ಪಾಲಿಗೆ ಇನ್ನಷ್ಟು ಕುಗ್ಗಿಸಿ ಕಳಿಸುತ್ತದೆ. ಕೆಳಗೆ ಶೆಟ್ರ ಒಕ್ಕಣೆ: 'ಎಲ್ಲ ಕಳ್ಸಿದ್ದೇನೆ ಮೇಡಂ.'

ಜೂನ್ ತಿಂಗಳ ಬಿಲ್ಲುಗಳಿಗೆ ಜುಲೈ 15ರಂದು ಮೇಡಂ ಬರೆದ ಮೇಲ್ ಶೆಟ್ರು ನನಗೆ ತೋರಿಸಿದರು. ಸಹಾಯಕ್ಕೆ ಅಲ್ಲ, ಸಾಕ್ಷಿಗೆ. 'ನೋಡಿ ಮಾರಾಯ್ರೇ, ಈ ಹೆಂಗಸು ನನ್ನ ಮೇಲೆ ಹೇಗೆ ಕೇಸ್ ಹಾಕಿದ್ದಾರೆ.' ಓದಿದೆ. ಕೇಸೇನಲ್ಲ, ಒಳ್ಳೆಯ ಕಥೆ. ಮೇಡಂ ಧಾರವಾಡದವರು, ಮೇಲ್ ಕನ್ನಡದಲ್ಲೇ ಇತ್ತು.

'ಶೆಟ್ರೇ, ನಮಸ್ಕಾರ. ಜೂನ್ ಬಿಲ್ಲು ನೋಡಿದೆ. 20ನೇ ತಾರೀಖಿನೊಳಗೆ ರಿಟರ್ನ್ ಹಾಕಬೇಕು. ಹೆಚ್ಚಿನವು ಸರಿ ಇವೆ. ಕೆಲವು ಓದಲಿಕ್ಕೆ ಬಂದಿಲ್ಲ. ಓದಲಿಕ್ಕೆ ಬಾರದಿದ್ದದ್ದು ಯಾವುದು, ನಾನೇ ಲೆಕ್ಕ ಹಾಕಿಕೊಂಡದ್ದು ಯಾವುದು, ಮತ್ತೆ ಫೋಟೋ ಬೇಕಾದದ್ದು ಯಾವುದು ಅಂತ ಬೇರೆ ಬೇರೆ ಬರೆಯುತ್ತೇನೆ. ಎಲ್ಲ ಬಿಲ್ಲನ್ನೂ ಮತ್ತೆ ಕಳಿಸಬೇಡ್ರಿ, ಪ್ಲೀಸ್.'

ಆ ಕೊನೆಯ ಸಾಲಿನ ಹಿಂದೆ ವರ್ಷಗಳ ಅನುಭವ ಇದೆ. ಒಂದು ಬಿಲ್ ಸರಿಯಿಲ್ಲ ಅಂದರೆ ಗಿರಾಕಿ ಸಿಟ್ಟಿಗೆದ್ದು ಎಲ್ಲವನ್ನೂ ಮತ್ತೆ ಕಳಿಸುತ್ತಾನೆ. ಸರಿ ಇದ್ದವೂ ಈ ಸಲ ಮಸುಕಾಗಿ ಬರುತ್ತವೆ.

ಮೊದಲನೆಯದು ಕಳಂಬೋಲಿಯ ಸ್ಟೀಲ್ ಶೀಟಿನ ಬಿಲ್. ದೊಡ್ಡ ವ್ಯಾಪಾರಿ. ವಹಿವಾಟು 5 ಕೋಟಿ ದಾಟಿದವರು ಇ-ಇನ್‌ವಾಯ್ಸ್ ಮಾಡಬೇಕು, ಬಿಲ್ಲಿನ ಮೇಲೆ ಕ್ಯೂಆರ್ ಕೋಡ್ ಇರುತ್ತದೆ. ಮಾರಿದವನ ಜಿಎಸ್‌ಟಿ ನಂಬರ್, ಕೊಂಡವನ ನಂಬರ್, ಬಿಲ್ ನಂಬರ್, ತಾರೀಖು, ಒಟ್ಟು ಮೊತ್ತ ಎಲ್ಲ ಆ ಚೌಕದೊಳಗೇ ಇವೆ. ಅದೊಂದು ಸರಿಯಾಗಿ ಕಂಡರೆ ಬಿಲ್ಲಿನ ಉಳಿದ ಭಾಗ ಗಂಜಿಯಲ್ಲಿ ಬಿದ್ದರೂ ನಡೆಯುತ್ತದೆ. ಹಾಗಾಗಿ ವ್ಯಾಪಾರಿಯ ಗುಮಾಸ್ತ ಏನು ಮಾಡಿದ? ದುಡ್ಡು ಬಂತು ಅಂತ ರಬ್ಬರ್ ಸ್ಟಾಂಪ್ ಹೊಡೆದ. ಪೂರಾ ಎ4 ಹಾಳೆ ಖಾಲಿ ಬಿದ್ದಿತ್ತು. ಹೊಡೆದದ್ದು ಕ್ಯೂಆರ್ ಮೇಲೆ. ಶಾಯಿ ಉಳಿದಿತ್ತು ಅಂತ ಇನ್ನೊಂದು, ಮೊತ್ತದ ಮೇಲೆ.

ಮೇಡಂ ಬರೆದದ್ದು: 'ತೆರಿಗೆ ಇಲ್ಲದ ಮೊತ್ತ 84 ಸಾವಿರದ ಏನೋ 50 ಅಂತ ಕಾಣುತ್ತದೆ. ನೂರರ ಜಾಗದಲ್ಲಿ ಸ್ಟಾಂಪ್ ಕೂತಿದೆ. ಆದರೆ ಕೆಳಗೆ ಸಿಜಿಎಸ್‌ಟಿ 9 ಪರ್ಸೆಂಟ್, 7,591.50 ಅಂತ ಸ್ಪಷ್ಟ ಇದೆ. 9ರಿಂದ ಭಾಗಿಸಿ 100ರಿಂದ ಗುಣಿಸಿದರೆ 84,350. ಎಸ್‌ಜಿಎಸ್‌ಟಿಯೂ ಅಷ್ಟೇ. ಮೊತ್ತಕ್ಕೆ ಎರಡೂ ತೆರಿಗೆ ಸೇರಿಸಿದರೆ 99,533, ನಿಮ್ಮ ಬ್ಯಾಂಕಿನಿಂದ ಹೋದದ್ದೂ ಅಷ್ಟೇ. ವ್ಯಾಪಾರಿಯ ಜಿಎಸ್‌ಟಿ ನಂಬರಿನಲ್ಲಿ ಒಂಬತ್ತನೇ ಅಕ್ಷರ 8 ಇದ್ದಂಗೂ ಇದೆ, B ಇದ್ದಂಗೂ ಇದೆ. ಆದರೆ ಆ ಜಾಗದಲ್ಲಿ ಅಂಕಿ ಮಾತ್ರ ಬರಬೇಕು, ಹಾಗಾಗಿ 8. ಈ ಬಿಲ್ಲಿಗೆ ಮತ್ತೆ ಫೋಟೋ ಬೇಡ.'

ಈ ಒಂಬತ್ತನೇ ಅಕ್ಷರದ ವಿಷಯ ಶೆಟ್ರಿಗೆ ಮಂತ್ರವಾದದ ಹಾಗೆ ಕಂಡಿತು. ಅಷ್ಟೇನಿಲ್ಲ. ಜಿಎಸ್‌ಟಿ ನಂಬರಿಗೆ 15 ಮನೆ. ಮೊದಲ ಎರಡು ರಾಜ್ಯ, ಮಹಾರಾಷ್ಟ್ರಕ್ಕೆ 27, ನಮ್ಮೂರಿಗೆ 29. ಆಮೇಲೆ ಹತ್ತು ಮನೆ ಪಾನ್ ನಂಬರ್. ಪಾನ್‌ನಲ್ಲಿ ಮೊದಲು ಐದು ಅಕ್ಷರ, ಮತ್ತೆ ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ಅಂದಮೇಲೆ ಎಂಟರಿಂದ ಹನ್ನೊಂದನೇ ಮನೆಯವರೆಗೆ ಅಂಕಿಯೇ ಇರಬೇಕು. ಎಲ್ಲಿ ಯಾರು ಕೂರಬೇಕು ಅಂತ ಮೊದಲೇ ಗೊತ್ತಿದ್ದರೆ ಮುಖ ಮಸುಕಾದರೂ ಗುರುತು ಸಿಗುತ್ತದೆ. ತಪ್ಪಿ ಓದಿದರೂ ಹದಿನೈದನೇ ಮನೆಯ ಅಂಕಿಯೋ ಅಕ್ಷರವೋ ಉಳಿದ ಹದಿನಾಲ್ಕಕ್ಕೆ ತಾಳೆಯಾಗದೆ ಕೂಗಿ ಹೇಳುತ್ತದೆ.

ಬಿಲ್ ನಂಬರಿಗೆ ಮಾತ್ರ ಇಂಥ ಯಾವ ಕಾವಲೂ ಇಲ್ಲ. 16 ಅಕ್ಷರದ ಒಳಗೆ ಅಂಗಡಿಯವನು ತನಗೆ ಬೇಕಾದ ಹಾಗೆ ಬರೆದುಕೊಳ್ಳಬಹುದು. ಅಕ್ಷರ, ಅಂಕಿ, ಗೀಟು, ಓರೆಗೆರೆ ಎಲ್ಲ ನಡೆಯುತ್ತದೆ. ಬಿಲ್ಲಿನಲ್ಲಿ ಏನೇನು ಇರಬೇಕು ಅಂತ ಹೇಳುವ ನಿಯಮ 46 ಉದ್ದಕ್ಕಿದೆ. ಆದರೆ ಅದು ಕಣ್ಣಿಗೆ ಕಾಣುವ ಗಾತ್ರದಲ್ಲಿರಬೇಕು ಅಂತ ಬರೆಯುವುದು ಯಾರಿಗೂ ಹೊಳೆಯಲಿಲ್ಲ. ಹಾಗಾಗಿ ಅಂಗಡಿಯ ಹೆಸರು, ದೇವರ ಹೆಸರು ಇಷ್ಟು ದಪ್ಪ, ಬಿಲ್ ನಂಬರ್ ಇರುವೆಯ ಗಾತ್ರ.

ಶೆಟ್ರ ನಿಜವಾದ ಕಷ್ಟ ಇಲ್ಲೇ ಸಿಕ್ಕಿಬಿದ್ದದ್ದು. ಬೆಸುಗೆಗೆ ಆರ್ಗಾನ್ ಗ್ಯಾಸ್ ಬೇಕು. ಪ್ರತಿ ಸಲ ನಾಲ್ಕೇ ಸಿಲಿಂಡರ್, ಪ್ರತಿ ಸಲ ಅದೇ ರೇಟು. 4,800, ಅದರ ಮೇಲೆ ತೆರಿಗೆ 864. ಎರಡು ಫೋಟೋ ಬಂದಿವೆ. ಒಂದರಲ್ಲಿ ಬಿಲ್ ನಂಬರ್ 1133, ತಾರೀಖು ಜೂನ್ 13. ಇನ್ನೊಂದರಲ್ಲಿ 1133 ಇರಬಹುದು, 1183 ಇರಬಹುದು. ತಾರೀಖು 13 ಇರಬಹುದು, 18 ಇರಬಹುದು. ಮಳೆಗಾಲ, ಬಿಲ್ ಒದ್ದೆಯಾಗಿದೆ. 8ರ ಎಡಭಾಗ ತೊಳೆದು ಹೋದರೆ ಉಳಿಯುವುದು 3.

'ಇವು ಎರಡು ಬಿಲ್ಲಾ, ಒಂದೇ ಬಿಲ್ಲನ್ನ ಎರಡು ಸಲ ಫೋಟೋ ತೆಗೆದೀರಾ?' ಅಂತ ಮೇಡಂ ಕೇಳಿದ್ದಾರೆ. 'ಮೊತ್ತದಿಂದ ಗೊತ್ತಾಗೋದಿಲ್ಲ, ಎರಡರಲ್ಲೂ ಒಂದೇ ಮೊತ್ತ. 2ಬಿಯಲ್ಲಿ 1133 ಒಂದೇ ಬಂದಿದೆ. ಎರಡನೆಯದು ಅದೇ ಬಿಲ್ ಆದರೆ ಎರಡು ಸಲ ಕ್ರೆಡಿಟ್ ತಗೊಂಡಂಗೆ ಆಗುತ್ತದೆ, ನೋಟಿಸ್ ಬರುತ್ತದೆ. ಬೇರೆ ಬಿಲ್ ಆದರೆ ಗ್ಯಾಸಿನವರು ಅದನ್ನ ಪೋರ್ಟಲ್‌ಗೆ ಹಾಕಿಲ್ಲ, ಅವರನ್ನ ಹಿಡಿಯಬೇಕು. ದಯವಿಟ್ಟು ಎರಡೂ ಕಾಗದ ಪಕ್ಕಪಕ್ಕ ಇಟ್ಟು ಒಂದೇ ಫೋಟೋ ತೆಗೀರಿ. ಆಮೇಲೆ ನಂಬರ್ ಮತ್ತು ತಾರೀಖು ಇರುವ ಮೂಲೆ ಮಾತ್ರ ಹತ್ತಿರದಿಂದ.'

ಪಕ್ಕಪಕ್ಕ ಇಟ್ಟು ಅನ್ನುವುದರಲ್ಲಿ ಎಂಥ ಜಾಣತನ ನೋಡಿ. ಒಂದೇ ಕಾಗದ ಇದ್ದರೆ ಶೆಟ್ರು ಅಲ್ಲೇ ಸಿಕ್ಕಿಬೀಳುತ್ತಾರೆ.

ಮೂರನೆಯದು ಗ್ರೈಂಡಿಂಗ್ ಡಿಸ್ಕಿನ ಬಿಲ್. ಈ ಫೋಟೋ ಪೂರ್ತಿ ಕಪ್ಪು. ಮೇಡಂ ಮೊದಲು ಲೆನ್ಸ್ ಮೇಲೆ ಬೆರಳಿದೆ ಅಂದುಕೊಂಡರಂತೆ. ಅಲ್ಲ, ಫೋಟೋ ಬಹಳ ಚೆನ್ನಾಗಿ ಬಂದಿದೆ. ಬಿಲ್ಲೇ ಕಪ್ಪು.

ಇದಕ್ಕೆ ಕಾರಣ ಶೆಟ್ರ ಕಾನೂನುಪ್ರೇಮ. ಬಿಲ್ಲುಗಳನ್ನು ವಾರ್ಷಿಕ ರಿಟರ್ನಿನ ಕೊನೇ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು ಅಂತ ಕಾಯ್ದೆ ಇದೆ. 2025ರ ಜೂನ್ ಬಿಲ್ಲಿಗೆ ಆ ಕೊನೇ ದಿನ 2026ರ ಡಿಸೆಂಬರ್ 31. ಅಲ್ಲಿಂದ 72 ತಿಂಗಳು ಅಂದರೆ 2032ರ ಡಿಸೆಂಬರ್ 31. ಆದರೆ ಕೌಂಟರ್ ಅಂಗಡಿಗಳ ಬಿಲ್ ಥರ್ಮಲ್ ಕಾಗದದ್ದು. ಅದರಲ್ಲಿ ಶಾಯಿಯೇ ಇಲ್ಲ, ಬಿಸಿ ತಾಗಿದ ಕಡೆ ಕಾಗದ ಕಪ್ಪಾಗುತ್ತದೆ, ಅಷ್ಟೇ. ಬಿಸಿಲಲ್ಲಿಟ್ಟರೆ ಅಕ್ಷರ ಮಾಸುತ್ತದೆ. ಎಣ್ಣೆ ಕೈ ತಾಗಿದರೆ ಮಾಸುತ್ತದೆ. ಜೋಪಾನ ಮಾಡೋಣ ಅಂತ ಪ್ಲಾಸ್ಟಿಕ್ ಪೌಚಿನಲ್ಲಿಟ್ಟರೂ ಮಾಸುತ್ತದೆ. ಕಾಯ್ದೆಗೆ ಬೇಕಾದ ಆಯುಸ್ಸು ಏಳು ವರ್ಷಕ್ಕಿಂತ ಜಾಸ್ತಿ, ಕಾಗದ ಒಂದು ಮಳೆಗಾಲ ದಾಟಿದರೆ ಪುಣ್ಯ. ಇದನ್ನು ಕೇಳಿದ್ದ ಶೆಟ್ರು ಬಿಲ್ಲನ್ನು ಲ್ಯಾಮಿನೇಶನ್ ಮಾಡಿಸಿದರು. ಬಿಸಿ ರೋಲರಿನ ನಡುವೆ ಹೋದ ಥರ್ಮಲ್ ಕಾಗದ ತನ್ನ ಧರ್ಮದಂತೆ ಆ ತುದಿಯಿಂದ ಈ ತುದಿಯವರೆಗೆ ಕಪ್ಪಾಯಿತು. ಇನ್ನು ಅದು 2032 ಅಲ್ಲ, 2132ರವರೆಗೂ ಭದ್ರ. ಓದಲಿಕ್ಕೆ ಆಗುವುದಿಲ್ಲ, ಅಷ್ಟೇ.

ಮೇಡಂ ಇಲ್ಲೊಂದು ಸೂಕ್ಷ್ಮ ವಿಷಯ ಹೇಳಿದ್ದಾರೆ. 'ಇದಕ್ಕೆ ಮತ್ತೆ ಫೋಟೋ ತೆಗೆದು ಉಪಯೋಗ ಇಲ್ಲ. ನೀವು ಕೊಟ್ಟದ್ದು 2,242, ಅದರಲ್ಲಿ ತೆರಿಗೆ 342 ಅಂತ ನಾನೇ ಲೆಕ್ಕ ಹಾಕಬಹುದು. ಆದರೆ ನಿಮ್ಮ ಜಿಎಸ್‌ಟಿ ನಂಬರ್ ಆ ಬಿಲ್ಲಿನಲ್ಲಿ ಇತ್ತಾ? 2ಬಿಯಲ್ಲಿ ಈ ಬಿಲ್ ಇಲ್ಲ ಅಂದ್ರೆ ಕೌಂಟರಿನ ಹುಡುಗ ನಿಮ್ಮನ್ನ ದಾರಿಹೋಕ ಗಿರಾಕಿ ಅಂತ ಬರೆದಿರಬೇಕು. ಅಳಿಸಿ ಹೋದದ್ದು ಬೇರೆ, ಬರೆಯದೇ ಇದ್ದದ್ದು ಬೇರೆ. ಅಂಗಡಿಗೆ ಹೋಗಿ ನಂಬರ್ ಹಾಕಿಸಿ ಬಿಲ್ ತಿದ್ದಿಸಿಕೊಂಡು ಬರ್ರಿ. ಅವರ ರಿಟರ್ನಿನಲ್ಲೂ ತಿದ್ದಲಿಕ್ಕೆ ಹೇಳ್ರಿ.'

ಉಳಿದ ಸೂಚನೆಗಳು ನಾಲ್ಕೇ ಸಾಲು. ಬಿಲ್ಲನ್ನು ಮೇಜಿನ ಮೇಲೆ ಮಲಗಿಸಿ, ಕಿಟಕಿ ಬೆಳಕಿನಲ್ಲಿ ತೆಗೀರಿ. ಫ್ಲ್ಯಾಶ್ ಬೇಡ, ಹೊಳಪು ಬಿದ್ದು ನಂಬರ್ ಮುಚ್ಚುತ್ತದೆ. ಪಿನ್ ಹೊಡೆದ ಚೀಟಿ ತೆಗೆದಿಡಿ, ನಾಲ್ಕೂ ಮೂಲೆ ಕಾಣಲಿ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ.

ಶೆಟ್ರು ನನ್ನೆದುರೇ ಫೋನ್ ಮಾಡಿದರು. 'ಮೇಡಂ, ಬಿಲ್ ನಿಮಗೆ ಪೋರ್ಟಲ್‌ನಲ್ಲಿ ಕಾಣ್ತದಲ್ಲ. ಮತ್ತೆ ನನ್ನ ಫೋಟೋ ಎಂಥಕ್ಕೆ?'

'ಪೋರ್ಟಲ್‌ನಲ್ಲಿ ಇರೋದು ಅವರು ಸರ್ಕಾರಕ್ಕೆ ಹೇಳಿದ್ದು ಶೆಟ್ರೇ. ಕಾಗದದಲ್ಲಿ ಇರೋದು ಅವರು ನಿಮಗೆ ಕೊಟ್ಟದ್ದು. ಕಾಯ್ದೆಗೆ ಎರಡೂ ಬೇಕು. ಪೋರ್ಟಲ್‌ನಲ್ಲಿದ್ದು ನಿಮ್ಮ ಕೈಲಿ ಬಿಲ್ ಇಲ್ಲದಿದ್ದರೂ ಕ್ರೆಡಿಟ್ ಇಲ್ಲ. ಬಿಲ್ ಇದ್ದು ಪೋರ್ಟಲ್‌ನಲ್ಲಿ ಇಲ್ಲದಿದ್ದರೂ ಇಲ್ಲ.'

'ಅಂದ್ರೆ ಅವ ಹಾಕದಿದ್ರೆ ದುಡ್ಡು ಹೋಗುದು ನನ್ನದಾ?'

'ಸದ್ಯಕ್ಕೆ ಹೌದು.'

ಶೆಟ್ರು ಪಾಪ, ಡ್ರಾವರ್ ಎಲ್ಲ ಹುಡುಕಿ ಎರಡು ಕಾಗದ ಹೊರತೆಗೆದರು. ಎರಡು! ಮೇಜಿನ ಮೇಲೆ ಪಕ್ಕಪಕ್ಕ ಮಲಗಿಸಿ, ಕಿಟಕಿ ತೆರೆದು, ಉಸಿರು ಬಿಗಿಹಿಡಿದು ತೆಗೆದರು. 1183, ಜೂನ್ 18. ಹತ್ತು ನಿಮಿಷದಲ್ಲಿ ಮೇಡಂ ಉತ್ತರ: ಬೇರೆ ಬಿಲ್ಲೇ, ಗ್ಯಾಸಿನವರು ಹಾಕಿಲ್ಲ, ಈ ತಿಂಗಳು 864 ಬಿಡೋಣ. ಅವರು ಮುಂದೆ ಹಾಕಿದರೆ ಆ ತಿಂಗಳ 2ಬಿಯಲ್ಲಿ ಬರುತ್ತದೆ, 2026ರ ನವೆಂಬರ್ 30ರ ತನಕ ಅವಕಾಶ ಇದೆ. ಈಗಲೇ ಅವರಿಗೆ ಫೋನ್ ಮಾಡ್ರಿ.

ಶೆಟ್ರು ಮಾಡಿದರು. ಗ್ಯಾಸಿನ ಆಫೀಸಿನ ಹುಡುಗ ಹಿಂದಿಯಲ್ಲಿ ಬಹಳ ವಿನಯವಾಗಿ ಮಾತಾಡಿದ. ನಮ್ಮ ಕಾಪಿ ಮಳೆಯಲ್ಲಿ ನೆನೆದಿದೆ ಸೇಠ್, ನಂಬರ್ ಸರಿಯಾಗಿ ಕಾಣುತ್ತಿಲ್ಲ, ನಿಮ್ಮದರ ಒಂದು ಫೋಟೋ ವಾಟ್ಸಾಪ್ ಮಾಡಿ ಅಂದ.